ಅಸರ್ ಬಾಂಗ್ ರಾಯಚೂರಿನಲ್ಲಿ ತಡ ಯಾಕೆ?

ಮಂಗಳೂರಿನ ಕಡೆಯಿಂದ ರಾಯಚೂರಿಗೆ ಡಿಗ್ರಿ ಓದಲು ಬಂದ ನಮ್ಮ ಬ್ಯಾರಿ ಹುಡುಗನೊಬ್ಬ ಕೇಳಿದ: “ಉಸ್ತಾದ್, ಊರಲ್ಲಿ ಮೂರೂವರೆ ಹೊತ್ತಿಗೆ ಅಸರ್ ಬಾಂಗ್ ಆಗ್ತದೆ. ಇಲ್ಲಿ ಐದು ಆಗ್ತಾ ಬರ್ತದೆ. ಪ್ರವಾದಿ ಒಬ್ಬರೇ ಅಲ್ವಾ, ಯಾರದ್ದು ತಪ್ಪು?”

ತಪ್ಪು ಯಾರದ್ದೂ ಅಲ್ಲ. ಕರಾವಳಿಯ ಬ್ಯಾರಿಗಳು ಶಾಫಿಈ ಮದ್‌ಹಬಿನವರು, ಇಲ್ಲಿಯವರು ಹೆಚ್ಚಾಗಿ ಹನಫಿಗಳು. ಮೇ ಮೊದಲ ವಾರ ಯಾಪಲದಿನ್ನಿಯ ಬಯಲಿನಲ್ಲಿ ಒಂದು ಮೀಟರ್ ಕೋಲು ನೆಟ್ಟು ನೋಡಿ. ಸೂರ್ಯ ನೆತ್ತಿಗೆ ಬಂದಾಗ, ಅಂದರೆ ಸುಮಾರು 12.17ಕ್ಕೆ, ನೆರಳೇ ಇರುವುದಿಲ್ಲ. ನೆರಳು ಒಂದು ಮೀಟರ್ ಆಗುವುದು ಸುಮಾರು 3.25ಕ್ಕೆ, ಶಾಫಿಈಯವರಿಗೆ ಅಸರ್ ಶುರು. ಎರಡು ಮೀಟರ್ ಆಗುವುದು 4.43ರ ಸುಮಾರಿಗೆ, ಇಮಾಂ ಅಬೂ ಹನೀಫರ ಪ್ರಕಾರ ಆಗ ಶುರು. ಬೇರೆ ತಿಂಗಳುಗಳಲ್ಲಿ ಮಧ್ಯಾಹ್ನವೇ ಸ್ವಲ್ಪ ನೆರಳಿರುತ್ತದೆ, ಅದನ್ನು ಬಿಟ್ಟು ಅಳೆಯಬೇಕು.

ಹದೀಸ್ ಗೊತ್ತಿಲ್ಲದೆ ಹೀಗಾದದ್ದಲ್ಲ. ಜಿಬ್ರೀಲ್(ಅ) ಪ್ರವಾದಿಯವರಿಗೆ(ಸ) ಎರಡು ದಿನ ನಮಾಝ್ ಮಾಡಿಸಿ ಸಮಯ ತೋರಿಸಿದ ಹದೀಸ್ ಇಬ್ಬರಿಗೂ ಗೊತ್ತು. ಮೊದಲ ದಿನ ಅಸರ್ ಆದದ್ದು ನೆರಳು ವಸ್ತುವಿನಷ್ಟೇ ಇದ್ದಾಗ. ಇಮಾಂ ಶಾಫಿಈ ಇದನ್ನೇ ಆಧಾರ ಮಾಡಿಕೊಂಡರು. ಆದರೆ ಬಿಸಿಲು ಜೋರಾದಾಗ ಲುಹರನ್ನು ತಂಪಾಗುವವರೆಗೆ ತಡಮಾಡಿ ಎಂಬ ಹದೀಸೂ ಇದೆ. ಪ್ರಯಾಣದಲ್ಲಿ ಬಾಂಗ್ ಕೊಡಲು ಹೊರಟವರನ್ನು ಪ್ರವಾದಿಯವರು(ಸ) ದಿಬ್ಬಗಳ ನೆರಳು ಕಾಣುವವರೆಗೆ ತಡೆದರು ಎಂದು ಅಬೂ ದರ್ರ್(ರ) ಹೇಳಿದ್ದಾರೆ. ಅರೇಬಿಯಾದಲ್ಲಿ ನೆರಳು ಒಂದು ಪಟ್ಟು ಆಗುವಾಗ ಬಿಸಿಲು ಇಳಿದಿರುವುದಿಲ್ಲ, ಹಾಗಾಗಿ ಲುಹರ್ ಸಮಯ ಅಲ್ಲಿಗೆ ಮುಗಿಯಲಾರದು ಎಂಬುದು ಹನಫಿಗಳ ವಾದ. ರಾಯಚೂರಿನ ಮೇ ಬಿಸಿಲು ಕಂಡವರಿಗೆ ಇದು ಬೇಗ ಅರ್ಥ ಆಗ್ತದೆ! ಶಾಫಿಈಗಳ ಉತ್ತರವೂ ಇದೆ: ತಂಪಿಗಾಗಿ ತಡಮಾಡುವುದು ಲುಹರ್ ಸಮಯದ ಒಳಗೇ, ಅದರಿಂದ ಸಮಯ ಉದ್ದವಾಗುವುದಿಲ್ಲ. ಪ್ರಯಾಣದ ಲೆಕ್ಕ ಬೇರೆ, ಅಲ್ಲಿ ಎರಡು ನಮಾಝ್ ಸೇರಿಸಬಹುದು.

ಅಂದರೆ ಎರಡು ಹದೀಸ್‌ಗಳು ಮೇಲ್ನೋಟಕ್ಕೆ ಸೇರದಿದ್ದಾಗ ಯಾವುದು ಯಾವುದನ್ನು ವಿವರಿಸುತ್ತದೆ ಎಂಬಲ್ಲಿ ದಾರಿ ಬೇರೆಯಾಯಿತು. ಅಬೂ ಹನೀಫರ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್ ಅವರೇ ಗುರುಗಳನ್ನು ಒಪ್ಪದೆ ಒಂದು ಪಟ್ಟು ಎಂದರು. ಹೀಗಾಗಿ ಇದನ್ನು ಹನಫಿ-ಶಾಫಿಈ ಜಗಳ ಅನ್ನುವುದೂ ಸರಿಯಲ್ಲ.

ನಮ್ಮ ಹುಡುಗ ಎಡವುತ್ತಿದ್ದದ್ದು ಬೇರೆ ಕಡೆ. ಅಸರ್ ಬಾಂಗ್ ಆಗಿಲ್ಲವಲ್ಲ ಅಂತ ಕ್ಲಾಸ್ ಮುಗಿಸಿ ನಾಲ್ಕು ಗಂಟೆಗೆ ಲುಹರ್ ಮಾಡುತ್ತಿದ್ದ. ಹನಫಿ ಗೆಳೆಯನಿಗೆ ಅದು ಸಮಯದ ಒಳಗೆ, ಇವನಿಗೆ ಖಝಾ. ಮಸೀದಿಯ ಬಾಂಗ್ ನೋಡಿ ತನ್ನ ಲುಹರ್ ಅಳೆಯಬಾರದು; ಮೊಬೈಲಿನ ನಮಾಝ್ ಆ್ಯಪ್‌ನಲ್ಲಿ ಅಸರ್ ಲೆಕ್ಕವನ್ನು ಶಾಫಿಈಗೆ ಇಟ್ಟುಕೊಂಡರೆ ಆಯ್ತು. ಅಸರನ್ನು ಮಾತ್ರ ಇಲ್ಲಿಯ ಜಮಾಅತ್ ಜೊತೆ ತಡವಾಗಿ ಮಾಡಿದರೂ ತೊಂದರೆ ಇಲ್ಲ, ಸೂರ್ಯ ಮುಳುಗುವವರೆಗೆ ಅದರ ಸಮಯ ಇದೆ. ಮಂಗಳೂರಿಗೆ ಹೋದ ರಾಯಚೂರಿನ ಹುಡುಗನಿಗೆ ಪ್ರಶ್ನೆ ಇನ್ನೂ ಬಿಗಿ: ಅಬೂ ಹನೀಫರ ಮಾತಿನಂತೆ ಅಲ್ಲಿಯ ಜಮಾಅತ್ ಹೊತ್ತಿಗೆ ಅಸರ್ ಆಗಿರುವುದೇ ಇಲ್ಲ. ಅಂಥವನು ತನ್ನ ಆಲಿಮರನ್ನು ಕೇಳಲಿ. ಇಬ್ಬರು ಶಿಷ್ಯರ ಮಾತು ಅವನ ಮದ್‌ಹಬಿನೊಳಗೇ ಇದೆ.