ಕಪಾಟಿನಲ್ಲಿಲ್ಲದ ಪುಸ್ತಕಗಳ ಲೆಕ್ಕ

ಪರಿಗ್ರಹಣ ವಹಿಯಲ್ಲಿ ಪುಸ್ತಕವಿದೆ, ಕಪಾಟಿನಲ್ಲಿಲ್ಲ. ಹಾಗೆಂದು ಅದು ಕಳೆದಿದೆ ಎನ್ನಲಾಗದು.

ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ, 20,000 ಸಂಪುಟಗಳವರೆಗಿನ ಗ್ರಂಥಾಲಯದಲ್ಲಿ ಪ್ರತಿವರ್ಷ ಪೂರ್ಣ ತಪಾಸಣೆ ನಡೆಯಬೇಕು. 50,000ದವರೆಗೆ ಇದ್ದರೆ ಮೂರು ವರ್ಷಕ್ಕೊಮ್ಮೆಯಾದರೂ ಆಗಬೇಕು. ಅದಕ್ಕೂ ದೊಡ್ಡ ಗ್ರಂಥಾಲಯಗಳಿಗೆ ಮಾದರಿ ತಪಾಸಣೆ ಸಾಕು. ಅದರಲ್ಲಿ ಅಸಹಜ ಕೊರತೆ ಕಂಡರೆ ಪೂರ್ಣ ಎಣಿಕೆ ಅನಿವಾರ್ಯ.

ಒಂದು ಕಾಲೇಜು ಗ್ರಂಥಾಲಯವನ್ನು ಊಹಿಸಿಕೊಳ್ಳೋಣ. ಸಿಬ್ಬಂದಿ ಕಪಾಟಿನಿಂದ ಕಪಾಟಿಗೆ ಬಾರ್‌ಕೋಡ್ ಓದಿಸುತ್ತಾ ಹೋದಾಗ 110 ಪುಸ್ತಕಗಳು ಸಿಗಲಿಲ್ಲ. ಎರವಲು ದಾಖಲೆ ನೋಡಿದರೆ 38 ಓದುಗರ ಮನೆಯಲ್ಲಿದ್ದವು, 12 ಬೈಂಡಿಂಗಿಗೆ ಹೋಗಿದ್ದವು. ಮತ್ತೆ ಹುಡುಕಿದಾಗ 15 ಬೇರೆ ವಿಷಯದ ಸಾಲಿನಲ್ಲಿ ಸಿಕ್ಕವು. ಉಳಿದದ್ದು 45.

ಇವನ್ನು ವಹಿಯಿಂದ ತೆಗೆಯಬಹುದೇ? ವರ್ಷದಲ್ಲಿ ಎರವಲು ಕೊಟ್ಟ ಮತ್ತು ಅಲ್ಲೇ ಕುಳಿತು ಓದಿದ ಪ್ರತಿ ಸಾವಿರ ಸಂಪುಟಕ್ಕೆ ಐದರಷ್ಟು ನಷ್ಟ ಸಹಜವೆಂದು ನಿಯಮ ಒಪ್ಪುತ್ತದೆ. ಇಲ್ಲಿನ ಬಳಕೆ 12,000 ಆಗಿದ್ದರೆ ಮಿತಿ 60. ಆದರೆ ನಷ್ಟಕ್ಕೆ ಅಪ್ರಾಮಾಣಿಕತೆಯಾಗಲಿ ನಿರ್ಲಕ್ಷ್ಯವಾಗಲಿ ಕಾರಣವಾಗಿರಬಾರದು. ಸಾವಿರ ರೂಪಾಯಿ ಮೀರಿದ ಪುಸ್ತಕ ಮತ್ತು ಬೆಲೆ ಎಷ್ಟೇ ಇರಲಿ ಅಪರೂಪದ ಗ್ರಂಥ ಕಳೆದರೆ ತನಿಖೆ ನಡೆಯಲೇಬೇಕು.

ಗೆದ್ದಲು ತಿಂದ, ಪುಟ ಹರಿದ ಪುಸ್ತಕಗಳ ಪಟ್ಟಿ ಬೇರೆ. ಅವುಗಳಲ್ಲಿ ರಿಪೇರಿಯಾಗುವುದನ್ನು ಮೊದಲು ಆರಿಸಬೇಕು. ಬೇರೆಲ್ಲೂ ಸಿಗದ ಪ್ರತಿಯನ್ನು ಹರಿದಿದ್ದರೂ ಉಳಿಸಿಕೊಳ್ಳಬೇಕು. ಸಕ್ಷಮ ಅಧಿಕಾರಿಯ ಆದೇಶ ಬಂದ ನಂತರವೇ ವಹಿಯಲ್ಲಿ ಆದೇಶದ ಸಂಖ್ಯೆ, ದಿನಾಂಕ ಬರೆದು, ಸೂಚಿಯಿಂದ ಆ ಪುಸ್ತಕದ ನಮೂದನ್ನು ತೆಗೆಯುತ್ತಾರೆ.