ಓಟಗಾರನೂ ಬೀದಿನಾಯಿಯೂ

ಬೆಳಗಿನ ಝಾವ ನಮ್ಮ ಊರಿನ ರಸ್ತೆಗಳಲ್ಲಿ ಓಡುವವರ ಸಂಖ್ಯೆ ಈಗ ಸಣ್ಣದಲ್ಲ. ಅವರಲ್ಲಿ ಅನೇಕರು ನಮ್ಮ ಕಾಲೇಜಿನವರೇ; ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಗೆ ಸಿದ್ಧರಾಗುತ್ತಿರುವವರು. ಆ ಆಯ್ಕೆಯಲ್ಲಿ ಹುಡುಗರು 1600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಿ ಮುಗಿಸಬೇಕು. ತಿಂಗಳುಗಟ್ಟಲೆ ಬೆವರು ಸುರಿಸಿ, ಪರೀಕ್ಷೆಗೆ ಇನ್ನು ಹದಿನೈದು ದಿನವಿರುವಾಗ ಮೀನಖಂಡಕ್ಕೆ ನಾಯಿಯ ಹಲ್ಲು ನಾಟಿತೆಂದರೆ ಆ ಸಲದ ಆಸೆ ಅಲ್ಲಿಗೆ ಮುಗಿಯಿತು. ಮೂರು ವರ್ಷಗಳಿಂದ ಇದೇ ರಸ್ತೆಗಳಲ್ಲಿ ಓಡುತ್ತ ನಾನು ಕಂಡುಕೊಂಡ ಕೆಲವು ವಿಷಯಗಳನ್ನು ಇಲ್ಲಿ ಹೇಳುತ್ತೇನೆ.

ಮೊದಲು ಒಂದು ಲೆಕ್ಕ. ಆರೂವರೆ ನಿಮಿಷಕ್ಕೆ 1600 ಮೀಟರ್ ಎಂದರೆ ಗಂಟೆಗೆ ಸುಮಾರು 15 ಕಿಲೋಮೀಟರಿನ ವೇಗ. ಸಾಧಾರಣ ಬೀದಿನಾಯಿಯೊಂದು ಮನಸ್ಸು ಮಾಡಿದರೆ ಅದರ ಇಮ್ಮಡಿ ವೇಗದಲ್ಲಿ ಸುಲಭವಾಗಿ ಓಡುತ್ತದೆ. ಆದುದರಿಂದ ನಾಯಿಯಿಂದ ತಪ್ಪಿಸಿಕೊಳ್ಳಲು ಇನ್ನಷ್ಟು ಜೋರಾಗಿ ಓಡುವುದು ಉಪಾಯವೇ ಅಲ್ಲ. ಅದರಿಂದ ಕೆಡುಕೇ ಹೆಚ್ಚು. ತನ್ನಿಂದ ದೂರ ಓಡುವ ವಸ್ತುವನ್ನು ಬೆನ್ನಟ್ಟುವುದು ನಾಯಿಯ ಹುಟ್ಟುಗುಣ. ಅದೇ ಬೀದಿಯಲ್ಲಿ ಹಾಲಿನವನು ನಡೆದು ಹೋದರೆ ತಲೆಯೆತ್ತಿಯೂ ನೋಡದ ನಾಯಿ, ನಾವು ಓಡಿದೊಡನೆ ಎದ್ದು ನಿಲ್ಲುವುದಕ್ಕೆ ಕಾರಣ ಇದೇ.

ಎರಡನೆಯ ಕಾರಣ ಗಡಿ. ನಮ್ಮ ತಂದೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಕುರಿ ಕಾಯ್ದವರು. "ನಾಯಿ ನಿನ್ನ ಮೇಲೆ ಬರೋದಿಲ್ಲ ಕಣೋ, ತನ್ನ ಹಟ್ಟಿ ಕಾಯೋಕೆ ಬರುತ್ತೆ" ಎಂದು ಅವರು ಹೇಳುವುದುಂಟು. ಬೀದಿನಾಯಿಗೂ ಒಂದು ಹಟ್ಟಿಯಿದೆ. ಅನ್ನ ಸಿಕ್ಕುವ ಜಾಗ, ಮಲಗುವ ಜಾಗ, ಇವೆರಡರ ಸುತ್ತಲಿನ ಒಂದಿಷ್ಟು ರಸ್ತೆ. ಅಷ್ಟೇ ಅದರ ರಾಜ್ಯ. ಆ ಗಡಿಯನ್ನು ನಾವು ದಾಟಿದ ಮೇಲೆ ಅದು ನಾಲ್ಕು ಸಲ ಬೊಗಳಿ ಹಿಂದಿರುಗುತ್ತದೆ. ಹೀಗಿರುವಲ್ಲಿ ಓಟಗಾರನು ಮಾಡಬೇಕಾದ ಕೆಲಸ ಒಂದೇ: ಗಡಿ ಎಲ್ಲಿ ಮೊದಲಾಗುವುದೆಂದು ತಿಳಿದು, ಅದರೊಳಗೆ ಕಾಲಿಡುವ ಮೊದಲೇ ಓಟವನ್ನು ನಡಿಗೆಗೆ ಇಳಿಸುವುದು. ನಾಯಿ ಎದ್ದ ಮೇಲೆ ನಿಧಾನಿಸುವುದಕ್ಕೂ, ಅದು ಏಳುವ ಮೊದಲೇ ನಿಧಾನಿಸುವುದಕ್ಕೂ ಬಹಳ ಅಂತರವಿದೆ.

ಗಡಿಯನ್ನು ಗುರುತಿಸಲು ನಾನು ವಿದ್ಯುತ್ ಕಂಬಗಳನ್ನು ಬಳಸುತ್ತೇನೆ. ಹೊಸ ದಾರಿಯಾದರೆ ಮೊದಲ ನಾಲ್ಕು ದಿನ ಓಡದೆ ನಡೆದೇ ಹೋಗಿ, ಯಾವ ಕಂಬದ ಬಳಿ ನಾಯಿಗಳು ತಲೆಯೆತ್ತುತ್ತವೆ, ಯಾವ ಕಂಬದ ಬಳಿ ಹಿಂದಿರುಗುತ್ತವೆ ಎಂದು ಬರೆದಿಟ್ಟುಕೊಳ್ಳುವುದು. ಓಡುವ ಹೊತ್ತಿನಲ್ಲೇ ಹೀಗೆ ನಡೆದು ನೋಡಬೇಕು. ಮಧ್ಯಾಹ್ನ ನೆರಳಿನಲ್ಲಿ ಮಲಗಿದ ನಾಯಿಯೇ ಬೆಳಗಿನ ಐದು ಗಂಟೆಗೆ ಬೇರೆಯಾಗಿರುತ್ತದೆ.

ಉದಾಹರಣೆಗೆ, ನಮ್ಮ ಹಾಸ್ಟೆಲಿನಿಂದ ಕೆರೆಯ ಏರಿಗೆ ಹೋಗುವ ದಾರಿಯನ್ನು ತೆಗೆದುಕೊಳ್ಳೋಣ. ಒಟ್ಟು 41 ಕಂಬಗಳು. ಕಂಬದಿಂದ ಕಂಬಕ್ಕೆ ಸುಮಾರು 40 ಹೆಜ್ಜೆ. ಮಾಂಸದ ಅಂಗಡಿಯ ಮೂರು ನಾಯಿಗಳ ಗಡಿ ಒಂಬತ್ತನೆಯ ಕಂಬದಿಂದ ಹನ್ನೆರಡನೆಯದರವರೆಗೆ. ಇಲ್ಲಿ ನಾನು ಎಂಟನೆಯ ಕಂಬದಲ್ಲೇ ಓಟ ನಿಲ್ಲಿಸಿ, ಹದಿಮೂರನೆಯದರವರೆಗೆ ನಡೆಯುತ್ತೇನೆ. ಇದಕ್ಕೆ ಎರಡು ನಿಮಿಷವೂ ಹಿಡಿಯುವುದಿಲ್ಲ. ಇಪ್ಪತ್ತೊಂದನೆಯ ಕಂಬದ ಬಳಿ ಹೋಟೆಲಿನ ಹಿಂದೆ ಎಂಜಲೆಲೆಯ ತಿಪ್ಪೆಯಿದೆ. ಅಲ್ಲಿ ನಾಯಿಗಳು ತಿನ್ನುತ್ತಿರುತ್ತವೆ; ತಿನ್ನುವ ನಾಯಿಯ ಬಳಿ ನಡೆದು ಹೋಗುವುದೂ ಕ್ಷೇಮವಲ್ಲ. ಆದುದರಿಂದ ಪಕ್ಕದ ದೇವಸ್ಥಾನದ ಬೀದಿಯಲ್ಲಿ ಬಳಸಿ ಹೋಗುತ್ತೇನೆ. ಮೂವತ್ತನೆಯ ಕಂಬದ ಎದುರು ಕಟ್ಟುತ್ತಿರುವ ಮನೆಯ ಕಾವಲಿನ ನಾಯಿ. ಅದೊಂದೇ ಆದ್ದರಿಂದ, ರಸ್ತೆಯ ಆಚೆ ಬದಿಗೆ ಸರಿದು ನಡೆದರೆ ಅದು ಕುಳಿತಲ್ಲಿಂದಲೇ ಗುರುಗುಟ್ಟಿ ಸುಮ್ಮನಾಗುತ್ತದೆ. ಮುಂದೆ ಕೆರೆಯ ಏರಿ. ಅಲ್ಲಿ ತಿಪ್ಪೆಯಿಲ್ಲ, ಮನೆಯಿಲ್ಲ, ನಾಯಿಯೂ ಇಲ್ಲ. ಗಡಿಯಾರ ನೋಡಿ ಓಡುವ 1600 ಮೀಟರನ್ನು ಅಲ್ಲಿಯೇ ಓಡುತ್ತೇನೆ. ರಸ್ತೆಯ ಓಟವು ಮೈ ಬಿಸಿಯಾಗುವುದಕ್ಕೆ ಮಾತ್ರ. ಅದರ ನಡುವೆ ನಡೆದರೆ ನಷ್ಟವಿಲ್ಲ. ಭಾನುವಾರ ಮಾಂಸದ ಅಂಗಡಿ ಬೇಗ ತೆರೆಯುವುದರಿಂದ ನಾಯಿಗಳು ಹೆಚ್ಚು ಸೇರುತ್ತವೆ, ತಮ್ಮೊಳಗೇ ಕಚ್ಚಾಡುತ್ತವೆ. ಆ ದಿನ ಕಾಲೇಜಿನ ಮೈದಾನವೇ ಸಾಕು.

ನಾಲ್ಕೈದು ಮಂದಿ ಜೊತೆಯಾಗಿ ಓಡುವವರು ಒಂದು ವಿಷಯವನ್ನು ಗಮನಿಸಬೇಕು. ನಾಯಿ ಹಿಡಿಯುವುದು ಎಲ್ಲರಿಗಿಂತ ಹಿಂದೆ ಉಳಿದವನನ್ನು. ಮುಂದಿನವನು ನಡೆಯತೊಡಗಿದರೆ ಎಲ್ಲರೂ ನಡೆಯಬೇಕು. ಕೊನೆಯವನು ಗಡಿ ದಾಟುವವರೆಗೆ ಯಾರೂ ಓಡಬಾರದು.

ಇಷ್ಟಾದರೂ ನಾಯಿ ಬಂದೇ ಬಂದಿತೆನ್ನಿ. ಆಗ ನಿಲ್ಲಬೇಕು. ನೇರವಾಗಿ ಎದುರಿಸಿ ಕಣ್ಣಲ್ಲಿ ಕಣ್ಣಿಟ್ಟು ನೋಡಿದರೆ ಅದಕ್ಕೆ ಅದು ಕಾಳಗದ ಕರೆ. ಬೆನ್ನು ತಿರುಗಿಸಿದರೆ ಬೆನ್ನಟ್ಟಲು ಅಪ್ಪಣೆ. ಇವೆರಡರ ನಡುವೆ, ಮೈಯನ್ನು ಓರೆಯಾಗಿಸಿ, ಕೈಗಳನ್ನು ಎದೆಗೆ ಕಟ್ಟಿ, ನಾಯಿಯ ಕಾಲುಗಳ ಕಡೆ ನೋಡುತ್ತ ನಿಲ್ಲಬೇಕು. ಕಿರುಚದೆ, ತಗ್ಗಿದ ಗಟ್ಟಿ ದನಿಯಲ್ಲಿ "ಹೋಗು" ಎಂದರೆ ಸಾಕು. ಉಸಿರನ್ನು ನಿಧಾನವಾಗಿ ಬಿಡುತ್ತ ಹತ್ತು ಎಣಿಸುವಷ್ಟರಲ್ಲಿ ಬಹುಪಾಲು ನಾಯಿಗಳಿಗೆ ಆಸಕ್ತಿ ಹೋಗುತ್ತದೆ. ಅನಂತರ ಅದನ್ನು ಓರೆಗಣ್ಣಿನಲ್ಲಿ ಇಟ್ಟುಕೊಂಡೇ ಪಕ್ಕಕ್ಕೆ ಹೆಜ್ಜೆಯಿಡುತ್ತ ಗಡಿ ದಾಟಬೇಕು.

ಕಲ್ಲೆತ್ತುವಂತೆ ಬಗ್ಗುವ ಉಪಾಯ ಎಲ್ಲರಿಗೂ ಗೊತ್ತು. ನಾಯಿ ಹದಿನೈದು ಇಪ್ಪತ್ತು ಹೆಜ್ಜೆ ದೂರವಿರುವಾಗ ಅದು ಫಲಿಸುವುದುಂಟು. ಎರಡು ಹೆಜ್ಜೆಯ ಅಂತರಕ್ಕೆ ಬಂದಾಗ ಬಗ್ಗಿದರೆ ನಮ್ಮ ಮುಖವನ್ನೇ ಅದರ ಬಾಯಿಗೆ ಒಪ್ಪಿಸಿದಂತಾಗುತ್ತದೆ. ನಿಜವಾಗಿ ಕಲ್ಲು ಹೊಡೆದರಂತೂ ನಾಳೆ ಅದೇ ದಾರಿಯಲ್ಲಿ ಬರುವವನ ಮೇಲೆ ಅದರ ಸಿಟ್ಟು ತಿರುಗುತ್ತದೆ. ಬಿಸ್ಕತ್ತು ಹಾಕಿ ಸ್ನೇಹ ಮಾಡುವುದೂ ನನಗೆ ಸರಿತೋರದು. ಆಮೇಲೆ ಅವು ಓಡುವವರನ್ನೆಲ್ಲ ಬಿಸ್ಕತ್ತಿಗಾಗಿ ಎದುರುಗೊಳ್ಳುತ್ತವೆ.

ಬೊಗಳುವ ನಾಯಿಗಿಂತ ಬೊಗಳದ ನಾಯಿಗೆ ಹೆಚ್ಚು ಎಚ್ಚರವಾಗಿರಬೇಕು. ತಲೆ ತಗ್ಗಿಸಿ, ಮೈ ಬಿಗಿದು, ಸದ್ದಿಲ್ಲದೆ ಹಿಂದಿನಿಂದ ಬರುವುದೇ ಕಚ್ಚುವ ನಾಯಿ. ಮರಿಯಿಟ್ಟ ತಾಯಿಯೂ ಹಾಗೆಯೇ. ಕಾರ್ತಿಕದಲ್ಲಿ ಬೆದೆಗೆ ಬಂದ ನಾಯಿಗಳು ಸುಮಾರು 63 ದಿನಕ್ಕೆ, ಎಂದರೆ ಪುಷ್ಯದ ಚಳಿಯಲ್ಲಿ, ಮರಿ ಹಾಕುತ್ತವೆ. ಮರಿಗಳು ದೊಡ್ಡವಾಗುವವರೆಗೆ ಅಲ್ಲಿ ನಡಿಗೆಯೂ ನಡೆಯದು, ದಾರಿಯನ್ನೇ ಬದಲಿಸಬೇಕು. ಇನ್ನು, ಜೊಲ್ಲು ಸುರಿಸುತ್ತ, ತೂರಾಡುತ್ತ, ಕಂಡದ್ದನ್ನೆಲ್ಲ ಕಚ್ಚುತ್ತ ಅಲೆಯುವ ನಾಯಿಗೆ ಗಡಿಯೇ ಇಲ್ಲ. ಅದನ್ನು ದೂರದಲ್ಲಿ ಕಂಡರೆ ಹತ್ತಿರದ ಕಾಂಪೌಂಡಿನೊಳಗೆ ಹೋಗಿ ಬಾಗಿಲು ಹಾಕಿಕೊಳ್ಳುವುದೇ ಸರಿ.

ಕಚ್ಚಿದರೆ, ಗಾಯ ಎಷ್ಟೇ ಸಣ್ಣದಾಗಿರಲಿ, ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಬೇಕು. ಸುಣ್ಣ, ಅರಿಸಿನ, ಮೆಣಸಿನಪುಡಿ ಯಾವುದನ್ನೂ ಹಚ್ಚಬಾರದು. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿಕೊಳ್ಳಬೇಕು. ವೈದ್ಯರು ಹೇಳಿದ ದಿನಗಳಲ್ಲಿ ಉಳಿದ ಸೂಜಿಗಳನ್ನೂ ತಪ್ಪಿಸಬಾರದು. ಗಾಯದಲ್ಲಿ ರಕ್ತ ಬಂದಿದ್ದರೆ ಗಾಯದೊಳಕ್ಕೇ ಕೊಡುವ ಇನ್ನೊಂದು ಮದ್ದೂ ಉಂಟು. ಅದನ್ನು ಕೇಳಿ ಪಡೆಯಬೇಕು. ಕಿವಿಯ ತುದಿ ಕತ್ತರಿಸಿದ ನಾಯಿ ಸಂತಾನಹರಣ ಶಸ್ತ್ರಚಿಕಿತ್ಸೆಯಾದದ್ದು. ಅದಕ್ಕೆ ಲಸಿಕೆಯನ್ನೂ ಹಾಕಿರುತ್ತಾರೆ. ಆದರೆ ಎಂದು ಹಾಕಿದರೋ ನಮಗೆ ತಿಳಿಯದು. ಆದ್ದರಿಂದ ಅದು ಕಚ್ಚಿದರೂ ಆಸ್ಪತ್ರೆಯ ದಾರಿ ಬಿಡಬಾರದು. ಈ ರೋಗ ಒಮ್ಮೆ ತಲೆದೋರಿದ ಮೇಲೆ ಮದ್ದಿಲ್ಲ.

ಕೆರೆಯ ಏರಿಯ ಕಡೆಗೆ ಓಡುವ ಹೊಸಬರಿಗೆ ನನ್ನ ಕಂಬಗಳ ಪಟ್ಟಿಯನ್ನು ಕೊಡಲು ಅಡ್ಡಿಯಿಲ್ಲ. ಆದರೆ ಪುಷ್ಯ ಬಂದಾಗ ಅದನ್ನು ಮತ್ತೊಮ್ಮೆ ನಡೆದು ತಿದ್ದಿಕೊಳ್ಳಬೇಕಾಗುತ್ತದೆ.