ಎರಡು ತಾರೀಖುಗಳ ನಡುವೆ ಎಷ್ಟು ದಿನ?

1956ರ ನವೆಂಬರ್ 1ರಂದು ಹರಿದು ಹಂಚಿಹೋಗಿದ್ದ ಕನ್ನಡ ಪ್ರದೇಶಗಳು ಒಂದಾಗಿ ವಿಶಾಲ ಮೈಸೂರು ರಾಜ್ಯವಾಯಿತು. 1973ರ ನವೆಂಬರ್ 1ರಂದು ಆ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂತು. ನಡುವೆ ಎಷ್ಟು ದಿನ ಕಳೆಯಿತು? ತಿಂಗಳು ತಿಂಗಳು ಕೂಡಿಸುತ್ತ ಹೊರಟರೆ 204 ತಿಂಗಳು ದಾಟಬೇಕು. ಎಲ್ಲೋ ಒಂದು ಕಡೆ 30ರ ಜಾಗದಲ್ಲಿ 31 ಬರೆದರೆ ಮುಗಿಯಿತು, ಮತ್ತೆ ಮೊದಲಿನಿಂದ. ಒಂದು ಚೀಟಿಯ ಹಿಂಬದಿಯಲ್ಲೇ ಮುಗಿಯುವ ದಾರಿ ಬೇರೆ ಇದೆ.

ಮೊದಲು ಲೀಪ್ ವರ್ಷಗಳನ್ನು ಮರೆತುಬಿಡಿ. 17 ವರ್ಷ, ವರ್ಷಕ್ಕೆ 365 ದಿನ. ಗುಣಿಸಿದರೆ 6,205. ಇನ್ನು ಸೇರಿಸಬೇಕಾದದ್ದು ನಡುವೆ ಬಂದುಹೋದ ಫೆಬ್ರವರಿ 29ಗಳನ್ನು ಮಾತ್ರ. 1960, 64, 68, 72, ಒಟ್ಟು ನಾಲ್ಕು. ಅಲ್ಲಿಗೆ ಉತ್ತರ 6,209 ದಿನ.

ಹೆಚ್ಚಿನವರು ಎಡವುವುದು ಇಲ್ಲಿಯೇ. 1956 ಕೂಡ ಲೀಪ್ ವರ್ಷವಲ್ಲವೇ ಎಂದು ಐದನೆಯದನ್ನೂ ಸೇರಿಸಿಬಿಡುತ್ತಾರೆ. ಆದರೆ ನಮ್ಮ ಎಣಿಕೆ ಶುರುವಾಗುವುದು ನವೆಂಬರಿನಲ್ಲಿ; ಆ ವರ್ಷದ ಫೆಬ್ರವರಿ 29 ಆಗಲೇ ಕಳೆದುಹೋಗಿತ್ತು. ಲೆಕ್ಕಕ್ಕೆ ಬೇಕಾದದ್ದು ಲೀಪ್ ವರ್ಷಗಳಲ್ಲ, ಆ ಒಂದೊಂದು ದಿನ.

ವರ್ಷಗಳು ಹೆಚ್ಚಿದ್ದರೆ ಬೆರಳು ಮಡಚಿ ಎಣಿಸುವುದೂ ಬೇಡ. ಎರಡೂ ಇಸವಿಗಳನ್ನು 4ರಿಂದ ಭಾಗಿಸಿ, ಶೇಷ ಬಿಟ್ಟು ಭಾಗಲಬ್ಧಗಳನ್ನಷ್ಟೇ ಕಳೆಯಿರಿ. 1973ಕ್ಕೆ 493, 1956ಕ್ಕೆ 489, ವ್ಯತ್ಯಾಸ 4. 1956ರ ಆ ಗೊಂದಲವೂ ತಾನಾಗಿಯೇ ಬಗೆಹರಿಯುತ್ತದೆ. ತಾರೀಖು ಜನವರಿ ಅಥವಾ ಫೆಬ್ರವರಿಯದಾದರೆ ಮಾತ್ರ ಹಿಂದಿನ ಇಸವಿಯನ್ನು ಭಾಗಿಸಬೇಕು. ಗಾಂಧೀಜಿಯ ಹತ್ಯೆಯಾದ 1948ರ ಜನವರಿ 30ರಿಂದ ಎಣಿಸುವುದಾದರೆ ಆ ವರ್ಷದ ಫೆಬ್ರವರಿ 29 ಇನ್ನೂ ಬರಬೇಕಿದೆ. ಹಾಗಾಗಿ 1948ರ ಬದಲು 1947ನ್ನು ಭಾಗಿಸಿ 486 ಹಿಡಿಯಬೇಕು.

ಉತ್ತರ ಸರಿಯೇ ಎಂದು ನೋಡಲು ವಾರವೇ ಸಾಕ್ಷಿ. 6,209ನ್ನು 7ರಿಂದ ಭಾಗಿಸಿದರೆ 887 ಬಂದು ಶೇಷ ಉಳಿಯುವುದಿಲ್ಲ. ಅಂದರೆ ಎರಡೂ ದಿನ ಒಂದೇ ವಾರವಾಗಿರಬೇಕು. ಹೌದು, ಎರಡೂ ಗುರುವಾರ. ಒಂದು ದಿನ ಹೆಚ್ಚುಕಡಿಮೆಯಾಗಿದ್ದರೂ ಇದು ಹಿಡಿದುಕೊಡುತ್ತಿತ್ತು. ಏಳರ ಲೆಕ್ಕದಲ್ಲೇ ತಪ್ಪಿದ್ದರೆ ಮಾತ್ರ ಇದಕ್ಕೆ ಕಾಣುವುದಿಲ್ಲ.

ಈಗ ಸ್ವಲ್ಪ ತೊಡಕಿನದು. 1881ರ ಮಾರ್ಚ್ 25ರಂದು ಬ್ರಿಟಿಷರು ಮೈಸೂರಿನ ಆಳ್ವಿಕೆಯನ್ನು ಒಡೆಯರ್ ಮನೆತನಕ್ಕೆ ಮರಳಿಸಿದರು. ಅಲ್ಲಿಂದ 1947ರ ಆಗಸ್ಟ್ 15ಕ್ಕೆ ಎಷ್ಟು ದಿನ? ತಿಂಗಳು ಬೇರೆ, ತಾರೀಖೂ ಬೇರೆ. ಮೊದಲು 1947ರ ಮಾರ್ಚ್ 25ರವರೆಗೆ ಪೂರಾ ವರ್ಷಗಳಲ್ಲೇ ಬನ್ನಿ: 66 ವರ್ಷಕ್ಕೆ 24,090. 1947ರ ಭಾಗಲಬ್ಧ 486, 1881ರದು 470. ಫೆಬ್ರವರಿ 29ಗಳು 16.

ಆದರೆ ನಡುವೆ 1900 ಇದೆ. ನೂರರಿಂದ ಭಾಗವಾಗುವ ಇಸವಿ ಲೀಪ್ ವರ್ಷವಾಗಬೇಕಾದರೆ 400ರಿಂದಲೂ ಭಾಗವಾಗಬೇಕು. 2000 ಆಗುತ್ತದೆ, 1900 ಆಗುವುದಿಲ್ಲ. ಆದ್ದರಿಂದ ಒಂದು ಕಳೆದು 15. ಎಕ್ಸೆಲ್ ಕೂಡ ಇಲ್ಲಿ ಜಾರಿದೆ: ನಡೆಯದೇ ಇದ್ದ 1900ರ ಫೆಬ್ರವರಿ 29 ಅದರ ಎಣಿಕೆಯಲ್ಲಿ ಇಂದಿಗೂ ಇದೆ. ಅದಕ್ಕೂ ಹಳೆಯ ಲೋಟಸ್ 1-2-3ಕ್ಕೆ ಹೊಂದಿಕೊಳ್ಳಲೆಂದು ಗೊತ್ತಿದ್ದೇ ಉಳಿಸಿಕೊಂಡ ತಪ್ಪು ಅದು.

24,105 ಆಯಿತು. ಇನ್ನು ಉಳಿದದ್ದು ಮಾರ್ಚ್ 25ರಿಂದ ಆಗಸ್ಟ್ 15. ಮಾರ್ಚಿನಲ್ಲಿ ಉಳಿದ 6, ಆಮೇಲೆ 30, 31, 30, 31, ಆಗಸ್ಟಿನ 15, ಕೂಡಿದರೆ 143. ಒಟ್ಟು 24,248 ದಿನ, ಸರಿಯಾಗಿ 3,464 ವಾರ. 1947ರ ಆಗಸ್ಟ್ 15 ಶುಕ್ರವಾರ. 1881ರ ಆ ಮಾರ್ಚ್ 25ರೂ ಶುಕ್ರವಾರವೇ. 1900ನ್ನು ಕಳೆಯದೆ ಬಿಟ್ಟಿದ್ದರೆ ಗುರುವಾರಕ್ಕೆ ಹೋಗಿ ನಿಲ್ಲುತ್ತಿತ್ತು. 1901ರಿಂದ 2099ರೊಳಗಿನ ತಾರೀಖುಗಳಿಗೆ ಮಾತ್ರ ಈ ತಲೆನೋವಿಲ್ಲ.

ಹೀಗೆ ಬರುವುದು ಎರಡು ತಾರೀಖುಗಳ ಅಂತರ. ಮೊದಲ ದಿನ ಅದರಲ್ಲಿ ಸೇರಿಲ್ಲ. ಸೋಮವಾರದಿಂದ ಬುಧವಾರಕ್ಕೆ ಅಂತರ ಎರಡು, ಆದರೆ ಸೋಮವಾರದಿಂದ ಬುಧವಾರದವರೆಗೆ ರಜೆ ಹಾಕಿದರೆ ಹೋಗುವ ರಜೆ ಮೂರು. ನಮ್ಮ 1897ರ ಸಾಮಾನ್ಯ ಖಂಡಗಳ ಕಾಯ್ದೆಯಲ್ಲಿ ‘ಇಂಥ ದಿನದಿಂದ’ ಎಂದಿದ್ದರೆ ಆ ಮೊದಲ ದಿನವನ್ನು ಬಿಟ್ಟು ಎಣಿಸುವುದು ಕ್ರಮ. ಅಲ್ಲಿ ಈ ಅಂತರವೇ ಸಾಕು. ಎರಡೂ ತುದಿಯ ದಿನಗಳು ಬೇಕೆಂದರೆ ಒಂದು ಕೂಡಿಸಿಕೊಳ್ಳಿ.